ಮೂವತ್ತು ಸಾವಿರ ಎಂದರೆ ಕೈಗೆ ಎಷ್ಟು?

ಆಲ್ಕೊಳದ ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಸಭಾಂಗಣವಿದೆ. ಅಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ಗಂಟೆ ಮಾತಾಡಬೇಕು ಎಂದು ಪರಿಚಯದ ಅಧ್ಯಾಪಕರೊಬ್ಬರು ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ. ಯಾರಿಗಾದರೂ ಕೆಲಸದ ಆಫರ್ ಲೆಟರ್ ಬಂದಿದ್ದರೆ ಅದನ್ನು ತರಬೇಕು, ಅಷ್ಟೂ ಪುಟ ತರಬೇಕು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಕಾರ್ಖಾನೆಗಳಲ್ಲಿ ಸಂಬಳದ ಲೆಕ್ಕ ಬರೆದವಳು ನಾನು. ಕಾಗದ ಮುಂದಿಲ್ಲದೆ ಸಂಬಳದ ಬಗ್ಗೆ ಮಾತಾಡಲು ನನಗೆ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಎಪ್ಪತ್ತು ಎಂಬತ್ತು ಮಕ್ಕಳು ಸೇರಿದ್ದರು. ಶಿವಮೊಗ್ಗದವರೇ ಹೆಚ್ಚು, ಭದ್ರಾವತಿಯಿಂದಲೂ ಸಾಕಷ್ಟು ಜನ ಬಂದಿದ್ದರು. ಪತ್ರ ತಂದವರು ನಾಲ್ಕೇ ಮಂದಿ. ಅವರಲ್ಲಿ ಒಬ್ಬಳು ಭದ್ರಾವತಿಯ ಹುಡುಗಿ, ಅಪ್ಪನನ್ನೂ ಜೊತೆಗೆ ಕರೆತಂದಿದ್ದಳು. ಅವರು ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ದುಡಿಯುವವರು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

“ಬೆಂಗಳೂರಿನ ಕೆಲಸ ಮೇಡಂ. ವರ್ಷಕ್ಕೆ ಮೂರು ಲಕ್ಷದ ಅರವತ್ತು ಸಾವಿರ. ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಬೇಕು” ಎಂದಳು.

“ತಿಂಗಳಿಗೆ ಎಷ್ಟು ಬರುತ್ತದೆ?” ಎಂದು ಇಡೀ ಸಭೆಯನ್ನೇ ಕೇಳಿದೆ.

“ಮೂವತ್ತು ಸಾವಿರ!” ಎಂದು ಒಂದೇ ದನಿಯಲ್ಲಿ ಉತ್ತರ ಬಂತು. ಹನ್ನೆರಡರಿಂದ ಭಾಗಿಸಲು ಎಲ್ಲರಿಗೂ ಬರುತ್ತದೆ. ಆದರೆ ಸಂಬಳ ಹಾಗೆ ಬರುವುದಿಲ್ಲ.

ಅವಳ ಅನುಮತಿ ಪಡೆದು ಪತ್ರವನ್ನು ಕೈಗೆ ತೆಗೆದುಕೊಂಡೆ. ಮೊದಲ ಪುಟದಲ್ಲಿ ಅಭಿನಂದನೆ, ಹುದ್ದೆಯ ಹೆಸರು, ದಪ್ಪಕ್ಷರದಲ್ಲಿ 3,60,000. ಕೆಲಸಕ್ಕೆ ಬರುವ ಮಾತೆಲ್ಲ ಕೊನೆಯ ಎರಡು ಪುಟಗಳಲ್ಲಿತ್ತು. ಅವಳ ಮೊಬೈಲ್‌ನಲ್ಲಿ ಮೊದಲ ಪುಟದ ಫೋಟೋ ಮಾತ್ರ ಇತ್ತು, ಮನೆಯವರೆಲ್ಲ ನೋಡಿ ಸಂತೋಷಪಟ್ಟಿದ್ದೂ ಅದನ್ನೇ. ಅನುಬಂಧದ ಕೋಷ್ಟಕವನ್ನು ಯಾರೂ ಓದಿರಲಿಲ್ಲ. ಅದನ್ನು ಬೋರ್ಡಿನ ಮೇಲೆ ಬರೆದೆ.

3,60,000 ಎಂಬುದು ಸಿಟಿಸಿ. ಕಂಪನಿ ಒಬ್ಬ ನೌಕರನಿಗಾಗಿ ವರ್ಷದಲ್ಲಿ ಮಾಡುವ ಒಟ್ಟು ಖರ್ಚು ಅದು, ನಿಮ್ಮ ಖಾತೆಗೆ ಬೀಳುವ ಮೊತ್ತವಲ್ಲ. ಈ ಹುಡುಗಿಯ ಕೋಷ್ಟಕದಲ್ಲಿ 36,000 ರೂಪಾಯಿ ‘ವೇರಿಯಬಲ್ ಪೇ’ ಎಂದಿತ್ತು. ವರ್ಷದ ಕೊನೆಗೆ ಅವಳ ಕೆಲಸವನ್ನೂ ಕಂಪನಿಯ ಲಾಭವನ್ನೂ ನೋಡಿ ಕೊಡುವ ಹಣ ಅದು. ಪೂರ್ತಿ ಬರಬಹುದು, ಅರ್ಧ ಬರಬಹುದು, ಬಾರದೆಯೂ ಇರಬಹುದು. ಕಂಪನಿ ಅವಳ ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ ಕಟ್ಟುವ ಪಾಲು 21,600. ಗ್ರಾಚ್ಯುಟಿ ಎಂದು 8,654. ಗುಂಪು ಆರೋಗ್ಯ ವಿಮೆಯ ಕಂತು 5,746. ಈ ನಾಲ್ಕನ್ನೂ ಕೂಡಿದರೆ 72,000 ರೂಪಾಯಿ. ಇದರಲ್ಲಿ ಒಂದು ರೂಪಾಯಿಯೂ ತಿಂಗಳ ಸಂಬಳವಾಗಿ ಬರುವುದಿಲ್ಲ.

ಉಳಿದದ್ದು 2,88,000. ತಿಂಗಳಿಗೆ 24,000. ಮೂಲ ವೇತನ 15,000, ಮನೆ ಬಾಡಿಗೆ ಭತ್ಯೆ 6,000, ವಿಶೇಷ ಭತ್ಯೆ 3,000. ಈ 24,000ದಲ್ಲಿ ಅವಳ ಸ್ವಂತ ಪಾಲಿನ ಪಿಎಫ್ ಹೋಗುತ್ತದೆ. ಅದು ಮೂಲ ವೇತನದ ಶೇ. 12, ಅಂದರೆ 1,800. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಶುರುವಾಗುವುದು ತಿಂಗಳ ಸಂಬಳ 25,000 ಮುಟ್ಟಿದ ಮೇಲೆ, ಹಾಗಾಗಿ ಅದು ಇವಳಿಗಿಲ್ಲ. ಇಷ್ಟು ಸಂಬಳಕ್ಕೆ ಆದಾಯ ತೆರಿಗೆಯೂ ಬೀಳುವುದಿಲ್ಲ. ಕೈಗೆ ಬರುವುದು 22,200 ರೂಪಾಯಿ.

ಸಭೆ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಸಾಲಿನಿಂದ ಅಪ್ಪ ಎದ್ದು ನಿಂತರು. “ಏಳೆಂಟು ಸಾವಿರ ಎಲ್ಲಿ ಹೋಯ್ತು ಮೇಡಂ? ಇದು ಮೋಸ ಅಲ್ವಾ?”

ಮೋಸವಲ್ಲ. ಎಲ್ಲ ಕಂಪನಿಗಳೂ ಹೀಗೆಯೇ ಬರೆಯುತ್ತವೆ. ಕಡಿಮೆಯಾದ 7,800ರಲ್ಲಿ 3,600 ಅವಳ ಹೆಸರಿನಲ್ಲೇ ಜಮೆಯಾಗುತ್ತದೆ, ಅವಳ ಪಾಲು 1,800, ಕಂಪನಿಯ ಪಾಲು 1,800. ನಿಜವಾಗಿ ಯೋಚಿಸಬೇಕಾದದ್ದು ವೇರಿಯಬಲ್ ಎಂಬ ಮೂರು ಸಾವಿರ ಮತ್ತು ಗ್ರಾಚ್ಯುಟಿಯ ಏಳುನೂರು ಚಿಲ್ಲರೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಒಂದೇ ಕಡೆ ಐದು ವರ್ಷ ಸೇವೆಯಾಗಬೇಕು. ಮೂರು ವರ್ಷಕ್ಕೆ ಬಿಟ್ಟರೆ ಆ ಸಾಲು ಕಾಗದದಲ್ಲೇ ಉಳಿಯುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ, ಇಂತಿಷ್ಟು ಅವಧಿಗೆ ಎಂದು ಒಪ್ಪಂದವಾಗಿ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಉಂಟು. ಆದ್ದರಿಂದ ನಿಮ್ಮ ಪತ್ರದಲ್ಲಿ ಕಾಯಂ ಎಂದಿದೆಯೋ ನಿಗದಿತ ಅವಧಿ ಎಂದಿದೆಯೋ ನೋಡಿಕೊಳ್ಳಿ.

ಭದ್ರಾವತಿಯವರಿಗೆ ಈ ಮಾತುಗಳು ಹೊಸವಲ್ಲ ಎಂದು ನನ್ನ ಅನಿಸಿಕೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಇವುಗಳ ಸುತ್ತ ಬೆಳೆದ ಊರು ಅದು. ನ್ಯೂ ಟೌನ್, ಪೇಪರ್ ಟೌನ್‌ನ ಹಳೆಯ ಮನೆಗಳಲ್ಲಿ ಅಜ್ಜನ ಸಂಬಳದ ಚೀಟಿಗಳು ತಗಡಿನ ಪೆಟ್ಟಿಗೆಯಲ್ಲಿ ಇನ್ನೂ ಸಿಕ್ಕಾವು. ಪಿಎಫ್, ಗ್ರಾಚ್ಯುಟಿ ಎಂಬ ಪದಗಳನ್ನು ಓದು ಬಾರದ ಅಜ್ಜಿಯರೂ ಹೇಳುತ್ತಿದ್ದರು. ಆ ತಿಳಿವಳಿಕೆ ಮೊಮ್ಮಕ್ಕಳಿಗೆ ದಾಟಿಲ್ಲ, ಅಷ್ಟೆ.

ಇನ್ನೊಂದು ಪುಟ್ಟ ವಿಷಯವನ್ನು ಅಲ್ಲೇ ಹೇಳಿದೆ, ಯಾಕೆಂದರೆ ಹೊಸಬರು ಗಾಬರಿಯಿಂದ ಬಂದು ಕೇಳುತ್ತಿದ್ದದ್ದು ಇದನ್ನೇ. ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಾದ ಮೇಲೆ ಪಿಎಫ್ ಪಾಸ್‌ಬುಕ್ ತೆರೆದು ನೋಡಿದರೆ ನಿಮ್ಮ ಪಾಲಿನ ಕಾಲಂನಲ್ಲಿ 1,800 ಇರುತ್ತದೆ, ಕಂಪನಿಯ ಪಾಲಿನಲ್ಲಿ 550 ಮಾತ್ರ. ಕಂಪನಿ ನುಂಗಿಹಾಕಿತು ಎಂದುಕೊಳ್ಳಬೇಡಿ. ಉಳಿದ 1,250 ಪಕ್ಕದ ಮೂರನೆಯ ಕಾಲಂನಲ್ಲಿರುತ್ತದೆ, ಅದು ಪಿಂಚಣಿ ಯೋಜನೆಗೆ ಹೋದ ಹಣ. ಗಾಬರಿಯಾಗಬೇಕಾದದ್ದು ಯಾವಾಗ ಎಂದರೆ, ಸಂಬಳದ ಚೀಟಿಯಲ್ಲಿ 1,800 ಕಡಿತವಾಗಿದ್ದು ಪಾಸ್‌ಬುಕ್‌ನಲ್ಲಿ ಆ ತಿಂಗಳ ಸಾಲೇ ಇಲ್ಲದಿದ್ದಾಗ. ಕಂಪನಿ ಮುಂದಿನ ತಿಂಗಳ 15ರೊಳಗೆ ಹಣ ಕಟ್ಟಬೇಕು. ಪಾಸ್‌ಬುಕ್‌ನಲ್ಲಿ ಕಾಣಲು ಸ್ವಲ್ಪ ತಡವಾಗಬಹುದು. ಮೂರು ತಿಂಗಳಾದರೂ ಕಾಣಿಸದಿದ್ದರೆ ಲಿಖಿತವಾಗಿ ಕೇಳಿ.

ಇಷ್ಟಾದ ಮೇಲೆ ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಬಾಂಡ್ ಇತ್ತು. ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ತರಬೇತಿ ವೆಚ್ಚವಾಗಿ ಒಂದು ಲಕ್ಷ ರೂಪಾಯಿ ಕೊಡಬೇಕು, ಸೇರುವ ದಿನ ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಒಪ್ಪಿಸಬೇಕು ಎಂದಿತ್ತು.

ಒಬ್ಬ ಹುಡುಗ ಎದ್ದು, “ಬಾಂಡ್ ಎಲ್ಲ ಕೋರ್ಟಲ್ಲಿ ನಿಲ್ಲಲ್ಲ ಮೇಡಂ, ನಮ್ಮ ಸೀನಿಯರ್ಸ್ ಹೇಳಿದಾರೆ” ಎಂದ. ಈ ಮಾತು ಹಾಸ್ಟೆಲಿನಿಂದ ಹಾಸ್ಟೆಲಿಗೆ ಹರಿದು ಬಂದದ್ದು, ನಾನೂ ಬಹಳ ಸಲ ಕೇಳಿದ್ದೇನೆ. ಅವನಿಗೆ ವಿಜಯಾ ಬ್ಯಾಂಕಿನ ಪ್ರಕರಣವನ್ನು ಹೇಳಿದೆ.

ವಿಜಯಾ ಬ್ಯಾಂಕ್ ಮಂಗಳೂರಿನಲ್ಲಿ ಹುಟ್ಟಿದ ನಮ್ಮದೇ ಬ್ಯಾಂಕು. 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2006ರಲ್ಲಿ ಅದು ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಹೊರಡಿಸಿದಾಗ ಒಂದು ಷರತ್ತು ಹಾಕಿತ್ತು. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಿಕೊಡಬೇಕು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಪ್ರತಿಭಟಿಸುತ್ತಲೇ ಎರಡು ಲಕ್ಷ ಕಟ್ಟಿ, ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ 14ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಆ ಷರತ್ತು ಸಿಂಧು ಎಂದಿತು. ಕೆಲಸದಲ್ಲಿರುವಾಗ ಇಂತಿಷ್ಟು ಕಾಲ ಇರಬೇಕು ಎನ್ನುವುದು ಉದ್ಯೋಗ ಮಾಡುವ ಸ್ವಾತಂತ್ರ್ಯವನ್ನೇ ಕಸಿದುಕೊಂಡಂತಲ್ಲ, ಸರ್ಕಾರಿ ಬ್ಯಾಂಕು ಮತ್ತೆ ಬಹಿರಂಗ ನೇಮಕಾತಿ ನಡೆಸಬೇಕಾದರೆ ಖರ್ಚೂ ಸಮಯವೂ ಹಿಡಿಯುತ್ತದೆ, ಹಿರಿಯ ಹುದ್ದೆಯ ಒಳ್ಳೆಯ ಸಂಬಳದವರಿಗೆ ಎರಡು ಲಕ್ಷ ಕಟ್ಟಲಾಗದ ಮೊತ್ತವಲ್ಲ ಎಂಬುದು ಅದರ ವಾದದ ಸಾರ.

ಇದರಿಂದ ಎಲ್ಲ ಬಾಂಡೂ ನಿಲ್ಲುತ್ತದೆ ಎಂದು ಅರ್ಥವಲ್ಲ. ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತವೇ ಸಿಗಬೇಕೆಂದಿಲ್ಲ, ಆ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರ ಸಿಗಬಹುದು, ಅಷ್ಟೆ. ಹದಿನೈದು ದಿನ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಲಕ್ಷ ತರಬೇತಿ ಖರ್ಚಾಯಿತು ಎಂದರೆ ಪ್ರಶ್ನಿಸಲು ಜಾಗವಿದೆ. ಆದರೆ ಪ್ರಶ್ನೆಗೆ ಉತ್ತರ ಸಿಗಲು ವಿಜಯಾ ಬ್ಯಾಂಕಿನ ಆ ಅಧಿಕಾರಿಗೆ ಹದಿನೈದು ವರ್ಷ ಹಿಡಿಯಿತು ಎಂಬುದನ್ನೂ ಮರೆಯಬೇಡಿ. ಸಹಿ ಹಾಕುವ ಮೊದಲು ಕೇಳುವುದಕ್ಕೆ ಖರ್ಚಿಲ್ಲ.

ಏನು ಕೇಳಬೇಕು? ಎರಡು ವರ್ಷ ಎನ್ನುವುದು ಸೇರಿದ ದಿನದಿಂದಲೋ, ತರಬೇತಿ ಮುಗಿದ ದಿನದಿಂದಲೋ? ಒಂದೂವರೆ ವರ್ಷ ದುಡಿದವಳೂ ಪೂರ್ತಿ ಒಂದು ಲಕ್ಷ ಕೊಡಬೇಕೇ, ತಿಂಗಳು ಕಳೆದಂತೆ ಇಳಿಯುತ್ತದೆಯೇ? ಕಂಪನಿಯೇ ಕೆಲಸದಿಂದ ತೆಗೆದರೆ ಬಾಂಡ್ ರದ್ದೇ? ಈ ಮೂರನ್ನೂ ಇಮೇಲ್‌ನಲ್ಲಿ ಬರೆದು ಕೇಳಬೇಕು, ಉತ್ತರವೂ ಬರಹದಲ್ಲೇ ಬರಬೇಕು. ಫೋನಿನಲ್ಲಿ “ಅದೆಲ್ಲ ಏನೂ ಆಗಲ್ಲಮ್ಮ, ಸೈನ್ ಮಾಡು” ಎನ್ನುವವರು ಎರಡು ವರ್ಷದ ನಂತರ ಆ ಕಂಪನಿಯಲ್ಲೇ ಇರುವುದಿಲ್ಲ.

ಮೂಲ ಅಂಕಪಟ್ಟಿಯ ವಿಷಯದಲ್ಲಿ ಮಾತ್ರ ನಾನು ಕಡ್ಡಿ ಮುರಿದಂತೆ ಹೇಳಿದೆ. ತೋರಿಸಿ, ಪರಿಶೀಲಿಸಲಿ, ದೃಢೀಕರಿಸಿದ ಪ್ರತಿ ಇಟ್ಟುಕೊಳ್ಳಲಿ. ಮೂಲ ಪ್ರತಿ ಮನೆಯ ಬೀರುವಿನಲ್ಲಿರಬೇಕು. ಅಂಕಪಟ್ಟಿ ಅವರ ಕಪಾಟಿನಲ್ಲಿದ್ದರೆ ಬಾಂಡಿನ ಮೊತ್ತ ನ್ಯಾಯವೋ ಅಲ್ಲವೋ ಎಂಬ ಚರ್ಚೆಗೇ ಅವಕಾಶವಿರುವುದಿಲ್ಲ. ಇನ್ನು ಸೇರುವ ಮೊದಲೇ ಠೇವಣಿ, ಲ್ಯಾಪ್‌ಟಾಪ್ ಶುಲ್ಕ, ತರಬೇತಿ ಶುಲ್ಕ ಎಂದು ದುಡ್ಡು ಕೇಳುವ ಪತ್ರಗಳಿವೆ. ಅವನ್ನು ಓದುವುದೇ ಬೇಡ. ಸಂಬಳ ಕೊಡುವವರು ನಿಮ್ಮಿಂದ ಹಣ ಕೇಳುವುದಿಲ್ಲ.

ಸೇರುವ ದಿನಾಂಕವನ್ನೂ ನೋಡಿಕೊಳ್ಳಿ ಎಂದೆ. ಇವಳದ್ದು ಜುಲೈ 22. ಇದರಲ್ಲೇನು ವಿಶೇಷ ಎಂದು ಮಕ್ಕಳಿಗೆ ಹೊಳೆಯಲಿಲ್ಲ. ಬಹಳ ಕಂಪನಿಗಳಲ್ಲಿ ತಿಂಗಳ 20ರ ಆಸುಪಾಸಿನಲ್ಲಿ ಹಾಜರಿಯ ಲೆಕ್ಕ ಮುಚ್ಚುತ್ತಾರೆ. ಅದಾದ ಮೇಲೆ ಸೇರಿದವರ ಹತ್ತು ದಿನದ ಸಂಬಳ ಮುಂದಿನ ತಿಂಗಳ ಸಂಬಳದ ಜೊತೆ ಬರುತ್ತದೆ. ಅಂದರೆ ಜುಲೈ 22ಕ್ಕೆ ಸೇರಿದವಳು ಮೊದಲ ಹಣ ಕಾಣುವುದು ಆಗಸ್ಟ್ ಕೊನೆಗೆ, ನಲವತ್ತು ದಿನದ ನಂತರ. ಅಷ್ಟರಲ್ಲಿ ಪಿಜಿಯ ಮುಂಗಡ, ಎರಡು ತಿಂಗಳ ಬಾಡಿಗೆ, ಓಡಾಟ, ಒಂದೆರಡು ಜೊತೆ ಬಟ್ಟೆ ಎಂದರೆ ಮೂವತ್ತು ಸಾವಿರದ ಹತ್ತಿರ ಹೋಗುತ್ತದೆ. ಇದನ್ನು ಮನೆಯಲ್ಲಿ ಮೊದಲೇ ಹೇಳಿ ಹೊಂದಿಸಿಕೊಂಡವರಿಗೆ ಚಿಂತೆಯಿಲ್ಲ. ಹೇಳದೆ ಹೋದವರು ಎರಡನೆಯ ವಾರದಲ್ಲೇ ಮೊಬೈಲಿನ ಸಾಲದ ಆ್ಯಪ್ ತೆರೆಯುತ್ತಾರೆ, ಇಲ್ಲವೇ ಬಸ್ ನಿಲ್ದಾಣದ ಮಳಿಗೆಯಲ್ಲಿ ಸಿಕ್ಕ ಕ್ರೆಡಿಟ್ ಕಾರ್ಡಿಗೆ ಸಹಿ ಹಾಕುತ್ತಾರೆ.

ಕಾರ್ಡಿನ ಬಗ್ಗೆ ಒಂದೇ ಒಂದು ಲೆಕ್ಕ ಬರೆದು ತೋರಿಸಿದೆ. ಮೂವತ್ತು ಸಾವಿರದ ಬಿಲ್ಲು ಬಂತು ಎನ್ನಿ. ಅದರ ಕೆಳಗೆ ‘ಕನಿಷ್ಠ ಪಾವತಿ 1,500’ ಎಂದಿರುತ್ತದೆ. ಎಷ್ಟು ಒಳ್ಳೆಯವರು ಎನಿಸುತ್ತದೆ. ತಿಂಗಳಿಗೆ ಶೇ. 3.5 ಬಡ್ಡಿಯ ಕಾರ್ಡಾದರೆ ಬಡ್ಡಿಯೇ 1,050. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 189. ನೀವು ಕಟ್ಟಿದ 1,500ರಲ್ಲಿ ಸಾಲಕ್ಕೆ ಹೋದದ್ದು 261 ರೂಪಾಯಿ. ಸಾಲದು ಎಂಬಂತೆ, ಬಾಕಿ ಉಳಿಸಿಕೊಂಡವರಿಗೆ ಆ ತಿಂಗಳು ಕೊಂಡ ಹೊಸ ವಸ್ತುಗಳಿಗೂ ಮೊದಲ ದಿನದಿಂದಲೇ ಬಡ್ಡಿ. “ಪೂರ್ತಿ ಕಟ್ಟೋದಾದ್ರೆ ಕಾರ್ಡ್ ಇಟ್ಕೋಬಹುದಾ?” ಎಂದು ಒಬ್ಬ ಕೇಳಿದ. ಇಟ್ಟುಕೊಳ್ಳಬಹುದು. ಬ್ಯಾಂಕಿನವರಿಗೆ ನಿನ್ನಂಥವನನ್ನು ಕಂಡರೆ ಅಷ್ಟು ಪ್ರೀತಿ ಇರುವುದಿಲ್ಲ ಎಂದೆ.

ಉಳಿತಾಯದ ಬಗ್ಗೆ ಮಾತಾಡುವಾಗ ನಾನು ಸಾಮಾನ್ಯವಾಗಿ ಶೇರು, ಮ್ಯೂಚುವಲ್ ಫಂಡಿನಿಂದ ಶುರುಮಾಡುವುದಿಲ್ಲ. ಮೊದಲ ಕೆಲಸ ಹಿಡಿದವರಿಗೆ ಕೇಳದೆಯೇ ಶುರುವಾಗುವ ಉಳಿತಾಯ ಒಂದಿದೆ, ಅದೇ ಪಿಎಫ್. ಅದನ್ನು ಮುರಿಯದೆ ಉಳಿಸಿಕೊಂಡರೆ ಅರ್ಧ ಕೆಲಸವಾದಂತೆ. ಮುರಿಯುವುದು ಎಷ್ಟು ಸುಲಭ ಎಂದು ನನಗೆ ಗೊತ್ತು, ಯಾಕೆಂದರೆ ನಾನೇ ಮುರಿದಿದ್ದೆ.

1996ರಲ್ಲಿ ನಾನು ಶಿವಮೊಗ್ಗದಲ್ಲಿ ಮೊದಲ ಕೆಲಸಕ್ಕೆ ಸೇರಿದೆ. ಮೂರು ವರ್ಷಕ್ಕೆ ಮದುವೆ ಗೊತ್ತಾಯಿತು, ಕೆಲಸ ಬಿಟ್ಟೆ. ಆಗ ಕೆಲಸ ಬಿಟ್ಟವರು ಪಿಎಫ್ ತೆಗೆಯಲು ಎರಡು ತಿಂಗಳು ಕಾಯಬೇಕಿತ್ತು, ಮದುವೆಗೆಂದು ಬಿಡುವ ಹೆಣ್ಣುಮಕ್ಕಳಿಗೆ ಆ ಕಾಯುವಿಕೆಯೂ ಇರಲಿಲ್ಲ. ಎಂಥ ಅನುಕೂಲ ಎಂದುಕೊಂಡೆ. ಹದಿಮೂರು ಸಾವಿರ ಚಿಲ್ಲರೆ ಬಂತು. ಒಂದು ಕಬ್ಬಿಣದ ಬೀರು, ಒಂದು ಮಿಕ್ಸಿ, ಉಳಿದದ್ದು ಸೀರೆಗೆ. ಬೀರು ಇವತ್ತಿಗೂ ಇದೆ, ಬಾಗಿಲು ಕಿರುಗುಟ್ಟುತ್ತದೆ. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದಾಗ ನನ್ನ ಖಾತೆ ಸೊನ್ನೆಯಿಂದ ಶುರುವಾಯಿತು. ಆ ಹದಿಮೂರು ಸಾವಿರವನ್ನು ಹಾಗೇ ಬಿಟ್ಟು ವರ್ಗಾಯಿಸಿಕೊಂಡಿದ್ದರೆ ಇವತ್ತಿಗೆ ಲಕ್ಷ ದಾಟುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಪಿಂಚಣಿಯ ಹಣವನ್ನೂ ತೆಗೆದುಕೊಂಡದ್ದರಿಂದ ಆ ಮೂರು ವರ್ಷದ ಸೇವೆ ಅಳಿಸಿಹೋಯಿತು. ಈ ಎರಡನೆಯ ನಷ್ಟ ನನಗೆ ತಿಳಿದದ್ದು ನಿವೃತ್ತಿಯ ಅರ್ಜಿ ತುಂಬುವಾಗ, ನಾನೇ ಸಂಬಳದ ಲೆಕ್ಕ ಬರೆಯುವವಳಾಗಿದ್ದರೂ!

ನೌಕರರ ಪಿಂಚಣಿಯ ಸೂತ್ರ ಬಹಳ ಸರಳ. ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಈಗಿನ ಮಿತಿ 15,000 ರೂಪಾಯಿ. ಅಂದರೆ ಒಂದು ವರ್ಷದ ಸೇವೆ ತಿಂಗಳ ಪಿಂಚಣಿಗೆ 214 ರೂಪಾಯಿ ಸೇರಿಸುತ್ತದೆ. ಮೂರು ವರ್ಷ ಅಳಿಸಿದರೆ ತಿಂಗಳಿಗೆ 643 ರೂಪಾಯಿ, ಬದುಕಿರುವಷ್ಟು ಕಾಲ. ಮಾಸಿಕ ಪಿಂಚಣಿ ಸಿಗಬೇಕಾದರೆ ಒಟ್ಟು ಹತ್ತು ವರ್ಷ ಸೇವೆಯೂ ಬೇಕು. ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸಿ ಪ್ರತಿ ಸಲವೂ ಎಲ್ಲವನ್ನೂ ತೆಗೆದುಕೊಂಡರೆ ಆ ಹತ್ತು ಎಂದಿಗೂ ಆಗುವುದಿಲ್ಲ.

ಈ ಹುಡುಗಿಯ ಲೆಕ್ಕವನ್ನೇ ಮುಂದುವರಿಸಿದೆವು. ಅವಳ ಪಿಎಫ್ ಖಾತೆಗೆ ತಿಂಗಳಿಗೆ 1,800 ಮತ್ತು 550, ಒಟ್ಟು 2,350 ಬೀಳುತ್ತದೆ. 2024-25ರ ಬಡ್ಡಿ ಶೇ. 8.25. ಅದೇ ದರದಲ್ಲಿ ಮೂರು ವರ್ಷಕ್ಕೆ ಸುಮಾರು 95,000 ಆಗುತ್ತದೆ. ಇಪ್ಪತ್ತೈದರ ವಯಸ್ಸಿಗೆ ಕೆಲಸ ಬದಲಿಸುವಾಗ ಈ 95,000 ಕಣ್ಣು ಕುಕ್ಕುತ್ತದೆ, ಸ್ಕೂಟರಿನ ಬೆಲೆಗೆ ಸರಿಯಾಗಿರುತ್ತದೆ. ತೆಗೆಯದೆ ಹೊಸ ಕಂಪನಿಗೆ ವರ್ಗಾಯಿಸಿಕೊಂಡರೆ ಇದೇ ದರದಲ್ಲಿ ಒಂಬತ್ತು ವರ್ಷಕ್ಕೊಮ್ಮೆ ಹಣ ಇಮ್ಮಡಿಯಾಗುತ್ತದೆ. 34ಕ್ಕೆ 1.9 ಲಕ್ಷ, 43ಕ್ಕೆ 3.8, 52ಕ್ಕೆ 7.6, 58ಕ್ಕೆ ಹನ್ನೆರಡು ಲಕ್ಷದ ಮೇಲೆ. ಇದು ಮೊದಲ ಮೂರು ವರ್ಷದ ಹಣ ಮಾತ್ರ, ಆಮೇಲೆ ಕಟ್ಟಿದ್ದು ಬೇರೆ.

ಇಲ್ಲಿ ಎರಡು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬಡ್ಡಿ ಹೀಗೇ ಇರುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಶೇ. 12 ಇತ್ತು, 2021-22ರಲ್ಲಿ 8.1ಕ್ಕೆ ಇಳಿದಿತ್ತು. ಎರಡನೆಯದು, ಅಷ್ಟು ವರ್ಷದಲ್ಲಿ ಬೆಲೆಗಳೂ ಏರಿರುತ್ತವೆ, ಹನ್ನೆರಡು ಲಕ್ಷಕ್ಕೆ ಇವತ್ತಿನ ಬೆಲೆ ಇರುವುದಿಲ್ಲ. ಆದರೂ ಸ್ಕೂಟರಿಗಿಂತ ಹೆಚ್ಚೇ.

ತೆಗೆಯುವ ನಿಯಮವೂ ಬಿಗಿಯಾಗುತ್ತಿದೆ. ಕೆಲಸ ಬಿಟ್ಟವರು ಪೂರ್ತಿ ಹಣ ಪಡೆಯಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಎಂದು 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ತೀರ್ಮಾನಿಸಿತು. ಇದಕ್ಕೆ ಬೈದವರು ಬಹಳ. ನನಗೆ ಆಗ ಈ ನಿಯಮ ಇದ್ದಿದ್ದರೆ ಬೀರು ಇರುತ್ತಿರಲಿಲ್ಲ.

ವರ್ಗಾವಣೆ ಕಷ್ಟವಲ್ಲ. ಮೊದಲ ಕೆಲಸದಲ್ಲಿ ಹನ್ನೆರಡು ಅಂಕಿಯ ಯುಎಎನ್ ಸಂಖ್ಯೆ ಸಿಗುತ್ತದೆ, ಅದು ಜೀವನಕ್ಕೆಲ್ಲ ಒಂದೇ. ಹೊಸ ಕಂಪನಿಯಲ್ಲಿ ಅದನ್ನೇ ಕೊಡಬೇಕು. “ಹಳೆಯದು ನೆನಪಿಲ್ಲ” ಎಂದು ಹೊಸ ಸಂಖ್ಯೆ ಮಾಡಿಸಿಕೊಂಡವರ ಪಾಡು ಆಮೇಲೆ ಹೇಳತೀರದು. ಇನ್ನೊಂದು ತೊಡಕು ನಮ್ಮ ಕಡೆಯ ಹೆಸರುಗಳದ್ದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ. ಒಂದರಲ್ಲಿ ‘ಮಂಜುನಾಥ್’, ಇನ್ನೊಂದರಲ್ಲಿ ‘ಮಂಜುನಾಥ’, ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚು ಕಡಿಮೆ. ಮನುಷ್ಯರಿಗೆ ಇದು ಒಂದೇ ಹೆಸರು, ಪಿಎಫ್‌ನ ಕಂಪ್ಯೂಟರಿಗೆ ಇಬ್ಬರು. ವರ್ಷಗಳ ನಂತರ ಹಣ ಬೇಕಾದಾಗ ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಇಂಥದ್ದಕ್ಕೇ. ಕೆಲಸಕ್ಕೆ ಸೇರುವ ಮೊದಲು ಬಿಡುವಿನ ದಿನಗಳಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ, ಒಂದೇ ರೀತಿ ಮಾಡಿಸಿಕೊಳ್ಳಿ ಎಂದಾಗ ಸಭೆಯಲ್ಲಿ ಹತ್ತಾರು ಪರ್ಸುಗಳು ಹೊರಬಂದವು. ಐದು ನಿಮಿಷ ಯಾರೂ ನನ್ನ ಮಾತು ಕೇಳಲಿಲ್ಲ.

ಮಾತು ಮುಗಿದ ಮೇಲೆ ಅಪ್ಪ, ಮಗಳು ಇಬ್ಬರೂ ಮುಂದೆ ಬಂದರು. ಅವಳ ಬಳಿ ಇನ್ನೊಂದು ಕಾಗದವೂ ಇತ್ತು, ಸಭೆಯಲ್ಲಿ ಅದನ್ನು ತೋರಿಸಲು ನಾಚಿಕೊಂಡಿದ್ದಳು. ಶಿವಮೊಗ್ಗದಲ್ಲೇ ಒಂದು ಕೆಲಸ, ತಿಂಗಳಿಗೆ 18,000 ರೂಪಾಯಿ. ಮೂಲ ವೇತನ 12,000. ಪಿಎಫ್ 1,440, ಇಎಸ್‌ಐ 135 ಕಳೆದು ಕೈಗೆ 16,425. ಬಾಂಡ್ ಇಲ್ಲ, ವೇರಿಯಬಲ್ ಇಲ್ಲ. 21,000ದ ಒಳಗಿನ ಸಂಬಳವಾದ್ದರಿಂದ ಇಎಸ್‌ಐ ಚಿಕಿತ್ಸೆಯ ಸೌಲಭ್ಯ ಅಪ್ಪ ಅಮ್ಮನಿಗೂ ಸಿಗುವ ಸಾಧ್ಯತೆ ಉಂಟು, ಅವರು ಅವಳ ದುಡಿಮೆಯನ್ನೇ ಅವಲಂಬಿಸಿದ್ದರೆ.

ಕುರ್ಚಿಯ ಮೇಲೆ ಕಾಗದ ಇಟ್ಟು ಲೆಕ್ಕ ಹಾಕಿದೆವು. ಬೆಂಗಳೂರಿನಲ್ಲಿ 22,200ರಲ್ಲಿ ಊಟ ಸಹಿತ ಪಿಜಿಗೆ 9,500 ಎಂದು ಅವಳೇ ವಿಚಾರಿಸಿ ಬಂದಿದ್ದಳು. ಇತರ ಖರ್ಚು, ಊರಿಗೆ ಬಂದುಹೋಗುವುದು ಸೇರಿ ಮೂರು ಸಾವಿರ. ಉಳಿಯುವುದು 9,700. ಇಲ್ಲಿ ಭದ್ರಾವತಿಯ ಮನೆಯಿಂದ ದಿನಾ ಓಡಾಡಿದರೆ, ಸರ್ಕಾರಿ ಬಸ್ ಸಿಕ್ಕ ದಿನ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಇಲ್ಲ. ತಿಂಗಳಿಗೆ ಎರಡು ಸಾವಿರ ಕೈಖರ್ಚು ಎಂದರೂ 14,425 ಉಳಿಯುತ್ತದೆ. ದೊಡ್ಡ ಸಂಬಳದಲ್ಲಿ ಕಡಿಮೆ ಉಳಿತಾಯ, ಸಣ್ಣ ಸಂಬಳದಲ್ಲಿ ಹೆಚ್ಚು.

“ಹಂಗಾದ್ರೆ ಇಲ್ಲೇ ಇರಲಿ ಅಂತೀರಾ ಮೇಡಂ?” ಎಂದರು ಅಪ್ಪ.

ನಾನು ಹಾಗೆ ಹೇಳಲಿಲ್ಲ. ಈ ಲೆಕ್ಕ ಮೊದಲ ವರ್ಷದ್ದು. ಬೆಂಗಳೂರಿನಲ್ಲಿ ಅವಳು ಏನು ಕಲಿಯುತ್ತಾಳೆ, ಎರಡು ವರ್ಷದ ನಂತರ ಯಾವ ಕೆಲಸಕ್ಕೆ ಹೋಗಬಲ್ಲಳು ಎಂಬುದು ಕಾಗದದ ಮೇಲಿಲ್ಲ. ಶಿವಮೊಗ್ಗದ ಕೆಲಸದಲ್ಲಿ ಸಂಬಳ ವರ್ಷಕ್ಕೆ ಎಷ್ಟು ಏರುತ್ತದೆ ಎಂದು ಅಲ್ಲಿನ ಇಬ್ಬರನ್ನು ಕೇಳಿ ತಿಳಿಯಬೇಕು. ನಾನು ಹೇಳಿದ್ದು ಇಷ್ಟು. ಎಲ್ಲಿಗೇ ಸೇರಿದರೂ ಸಂಬಳ ಬಂದ ಮರುದಿನ ತಾನಾಗಿ 2,500 ರೂಪಾಯಿ ಬ್ಯಾಂಕಿನ ಒಂದು ವರ್ಷದ ಆರ್‌ಡಿಗೆ ಹೋಗುವಂತೆ ಮಾಡಿಕೊ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಮೊದಲ ವರ್ಷಕ್ಕೆ ಅದು ಬೇಡ. ವರ್ಷ ತುಂಬಿದಾಗ ಕೈಗೆ ಬರುವ ಮೂವತ್ತು ಸಾವಿರ ಚಿಲ್ಲರೆಯಿಂದ ಇನ್ನೊಂದು ಊರಿಗೆ, ಇನ್ನೊಂದು ಕೆಲಸಕ್ಕೆ ಹೋಗುವ ನಲವತ್ತು ದಿನವನ್ನು ಸಾಲವಿಲ್ಲದೆ ದಾಟಬಹುದು.

ಬಾಂಡಿನ ಮೂರು ಪ್ರಶ್ನೆಗಳನ್ನೂ ಅಂಕಪಟ್ಟಿಯ ವಿಷಯವನ್ನೂ ಅವಳು ಅಲ್ಲೇ ಕೂತು ಮೊಬೈಲಿನಲ್ಲಿ ಬರೆದಳು. ಅಪ್ಪ ಒಮ್ಮೆ ಓದಿಸಿಕೊಂಡು, “ಹಿಂಗೆಲ್ಲ ಕೇಳಿದ್ರೆ ಕೆಲಸ ಕೊಡಲ್ಲ ಅಂದ್ರೆ?” ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಗುತ್ತಿಗೆ ಕೆಲಸದಲ್ಲಿ ಪ್ರಶ್ನೆ ಕೇಳಿದವರಿಗೆ ಏನಾಗುತ್ತದೆ ಎಂದು ನೋಡಿದವರು ಅವರು. ಮಗಳು ಕಳಿಸುವ ಗುಂಡಿ ಒತ್ತಿದಳು.

ಗುರುವಾರ ಸಂಜೆ ಫೋನ್ ಬಂತು. ಕಂಪನಿಯಿಂದ ಉತ್ತರ ಬಂದಿತ್ತಂತೆ. ಎರಡು ವರ್ಷ ಸೇರಿದ ದಿನದಿಂದಲೇ, ಕಂಪನಿಯಾಗಿ ತೆಗೆದರೆ ಬಾಂಡ್ ಇಲ್ಲ, ಮೂಲ ಅಂಕಪಟ್ಟಿ ತೋರಿಸಿ ವಾಪಸು ಒಯ್ಯಬಹುದು. ಮೊತ್ತ ತಿಂಗಳು ಕಳೆದಂತೆ ಇಳಿಯುವುದಕ್ಕೆ ಮಾತ್ರ ಒಪ್ಪಿಲ್ಲ. “ಇನ್ನೂ ಒಂದು ದಿನ ಇದೆ ಮೇಡಂ, ಯೋಚ್ನೆ ಮಾಡ್ತಿದೀನಿ” ಎಂದಳು. ಆಮೇಲೆ, “ಅಪ್ಪ ಅವರ ಪಿಎಫ್ ಪಾಸ್‌ಬುಕ್ ನೋಡ್ಬೇಕಂತೆ, ಹೇಗೆ ಅಂತ ಕೇಳ್ತಿದಾರೆ” ಎಂದು ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಪಿಎಫ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಕೊನೆಗೆ ಎಷ್ಟು ಕಟ್ಟಿದ್ದಾರೆ ಎಂದು ಸಂದೇಶ ಬರುತ್ತದೆ ಎಂದೆ. ಅವರು ಸಂಖ್ಯೆಯನ್ನು ಎರಡು ಸಲ ಕೇಳಿ ಬರೆದುಕೊಂಡರು.